ಕಾರಣ ಕೇಳುವ ನೋಟಿಸು: ಲೆಕ್ಕಪುಸ್ತಕವಿಲ್ಲದೆ ಶೇ. 50ಕ್ಕಿಂತ ಕಡಿಮೆ ಲಾಭ ಘೋಷಣೆ

ಆದಾಯ ತೆರಿಗೆ ಇಲಾಖೆ
ನಿರ್ಧರಣಾ ಘಟಕ
ದಿನಾಂಕ: 14 ನವೆಂಬರ್ 2025

ಗೆ,
ಫ್ರೀಲ್ಯಾನ್ಸ್ ಒಳಾಂಗಣ ವಿನ್ಯಾಸಕಿ, ಮೈಸೂರು
(ಇ-ಫೈಲಿಂಗ್ ಖಾತೆಯ ಮೂಲಕ)

ವಿಷಯ: 2024-25ನೇ ನಿರ್ಧರಣಾ ವರ್ಷ, ಆದಾಯ ತೆರಿಗೆ ಕಾಯ್ದೆ 1961ರ ಕಲಂ 44ಎಡಿಎ, 44ಎಎ ಮತ್ತು 144ರ ಅನ್ವಯ ವಿವರಣೆ ಕೋರಿ.

ಉಲ್ಲೇಖ: ಕಲಂ 143(2)ರ ನೋಟಿಸು, 23 ಜೂನ್ 2025, ಕಲಂ 142(1)ರ ನೋಟಿಸು, 19 ಸೆಪ್ಟೆಂಬರ್ 2025, ನಿಮ್ಮ ಉತ್ತರ, 6 ಅಕ್ಟೋಬರ್ 2025.

ಮಾನ್ಯರೇ,

1. ನೀವು 28 ಜುಲೈ 2024ರಂದು ITR-3 ನಮೂನೆಯಲ್ಲಿ ಸಲ್ಲಿಸಿದ ವಿವರಣಪಟ್ಟಿಯಲ್ಲಿ ವೃತ್ತಿಯ ಒಟ್ಟು ಸ್ವೀಕೃತಿ ರೂ. 31,40,000, ನಿವ್ವಳ ಲಾಭ ರೂ. 7,85,000 ಎಂದಿದೆ. ಲಾಭ ಶೇ. 25 ಆಯಿತು. ಸ್ವೀಕೃತಿಯ ಮೊತ್ತ ನಮೂನೆ 26ಎಎಸ್‌ಗೆ ತಾಳೆಯಾಗುತ್ತದೆ. ಆ ಬಗ್ಗೆ ತಕರಾರಿಲ್ಲ. ಪ್ರಶ್ನೆ ಇರುವುದು ರೂ. 23,55,000 ಖರ್ಚಿನ ಬಗ್ಗೆ ಮಾತ್ರ.

2. ಲೆಕ್ಕಪುಸ್ತಕ, ಬಿಲ್ಲು ಮತ್ತು ಲೆಕ್ಕಪರಿಶೋಧನಾ ವರದಿ ಹಾಜರುಪಡಿಸಲು ಕೇಳಿದಾಗ ನೀವು ಕೊಟ್ಟ ಉತ್ತರದ ಸಾರ: ಸ್ವೀಕೃತಿ 50 ಲಕ್ಷ ದಾಟಿಲ್ಲ, ಕಲಂ 44ಎಡಿಎ ಅನ್ವಯಿಸುತ್ತದೆ, ಆದ್ದರಿಂದ ಪುಸ್ತಕ ಇಟ್ಟಿಲ್ಲ. ಈ ಉತ್ತರ ಒಪ್ಪುವಂತಿಲ್ಲ. ಪುಸ್ತಕದ ಹೊರೆ ಬೇಡವೆನ್ನುವ ಸಣ್ಣ ವೃತ್ತಿಪರರಿಗೆ ಆ ಕಲಂ ಕೊಟ್ಟಿರುವ ರಿಯಾಯಿತಿ, ಸ್ವೀಕೃತಿಯ ಕನಿಷ್ಠ ಶೇ. 50ರಷ್ಟನ್ನು ಲಾಭವೆಂದು ಒಪ್ಪಿದವರಿಗೆ. ಅದಕ್ಕಿಂತ ಕಡಿಮೆ ಲಾಭ ತೋರಿಸುವುದು ತಪ್ಪಲ್ಲ. ಖರ್ಚು ನಿಜವಾಗಿಯೂ ಹೆಚ್ಚಾಗಿದ್ದರೆ ಹಾಗೆ ತೋರಿಸುವ ಹಕ್ಕು ನಿಮಗಿದೆ. ಆದರೆ ಒಟ್ಟು ಆದಾಯ ತೆರಿಗೆರಹಿತ ಮಿತಿಯನ್ನು ದಾಟಿದಾಗ, ಕಲಂ 44ಎಡಿಎ(4)ರಂತೆ ಪುಸ್ತಕ ಇಡಲೇಬೇಕು, ಕಲಂ 44ಎಬಿ ಅಡಿ ಪರಿಶೋಧನೆ ಮಾಡಿಸಲೇಬೇಕು. ನಿಮ್ಮ ಆದಾಯ ಆ ಮಿತಿಯನ್ನು ಎಷ್ಟೋ ಮೀರಿದೆ. ಪುಸ್ತಕದ ವಿನಾಯಿತಿ, ಕಡಿಮೆ ಲಾಭ ಎರಡನ್ನೂ ಒಟ್ಟಿಗೆ ಪಡೆಯಲು ಕಾಯ್ದೆಯಲ್ಲಿ ಅವಕಾಶವಿಲ್ಲ.

3. ಒಳಾಂಗಣ ವಿನ್ಯಾಸ ನಿಯಮ 6ಎಫ್‌ನಲ್ಲಿ ಹೆಸರಿಸಿದ ವೃತ್ತಿ. ನಗದು ಪುಸ್ತಕ, ಖಾತೆ ಪುಸ್ತಕ, ನೀವು ಕೊಟ್ಟ ಬಿಲ್ಲುಗಳ ಪ್ರತಿ, ಖರ್ಚಿನ ಮೂಲ ಬಿಲ್ಲುಗಳು ನಿಮ್ಮಲ್ಲಿರಬೇಕಿತ್ತು. ಹಿಂದಿನ ಎರಡು ವರ್ಷ ಕ್ರಮವಾಗಿ ರೂ. 22,10,000 ಮತ್ತು ರೂ. 26,80,000 ಸ್ವೀಕೃತಿಯ ಮೇಲೆ ನೀವೇ ಶೇ. 50 ಲಾಭ ಒಪ್ಪಿದ್ದೀರಿ. ಕೆಲಸದ ಸ್ವರೂಪ ಅದೇ ಇರುವಾಗ ಈ ವರ್ಷ ಲಾಭದ ದರ ಅರ್ಧಕ್ಕೆ ಇಳಿದದ್ದೇಕೆ ಎಂಬುದನ್ನು ತಿಳಿಸಿ.

4. ನೀವು ಕೊಟ್ಟಿರುವ ಒಂದು ಪುಟದ ಖರ್ಚಿನ ಪಟ್ಟಿಯನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಹೋಲಿಸಿದಾಗ ಕಂಡದ್ದು ಹೀಗಿದೆ.

ನಕ್ಷೆ ಬಿಡಿಸುವವರಿಗೆ ಮತ್ತು ಸಹಾಯಕರಿಗೆ ರೂ. 11,60,000 ಕೊಟ್ಟಿದ್ದೀರಿ ಎಂದಿದೆ. ಇದರಲ್ಲಿ ರೂ. 5,20,000 ಮಾತ್ರ ಬ್ಯಾಂಕ್ ಮೂಲಕ ಹೋಗಿದೆ. ಉಳಿದ ರೂ. 6,40,000 ನಗದು ಎನ್ನುತ್ತೀರಿ. ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂಬುದಕ್ಕೆ ವೋಚರ್ ಇಲ್ಲ. ಒಬ್ಬರಿಗೆ ಒಂದೇ ದಿನ ರೂ. 10,000ಕ್ಕಿಂತ ಹೆಚ್ಚು ನಗದು ಕೊಟ್ಟಿದ್ದರೆ ಕಲಂ 40ಎ(3)ರಂತೆ ಅದು ಕಳೆಯಲು ಸಿಗುವುದಿಲ್ಲ ಎಂಬುದನ್ನೂ ಗಮನಿಸಿ.

ಕಂಪ್ಯೂಟರ್ ಮತ್ತು ಪ್ರಿಂಟರ್ ಖರೀದಿಯ ರೂ. 4,15,000 ಪೂರ್ತಿಯಾಗಿ ಖರ್ಚಿಗೆ ಹಾಕಲಾಗಿದೆ. ಇದು ಬಂಡವಾಳ ವೆಚ್ಚ, ಶೇ. 40ರ ಸವಕಳಿ ಮಾತ್ರ ಸಿಗುತ್ತದೆ, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲೂ ಅರ್ಧ. ಬಾಡಿಗೆ ರೂ. 3,60,000 ನೀವು ವಾಸವಿರುವ ಮನೆಯದು. ಎಷ್ಟು ಭಾಗ ಕಚೇರಿಯಾಗಿದೆ ಎಂದು ಹೇಳಿಲ್ಲ. ಪ್ರಯಾಣ ರೂ. 2,70,000, ವಿದ್ಯುತ್ ಮತ್ತು ಇಂಟರ್‌ನೆಟ್ ರೂ. 90,000, ಇತರೆ ರೂ. 60,000: ಇವಕ್ಕೆ ಬಿಲ್ಲು ಬಂದಿಲ್ಲ.

5. ಆದ್ದರಿಂದ, ಪುಸ್ತಕಗಳಿಲ್ಲದ ಕಾರಣ ಕಲಂ 144ರಡಿ ಲಭ್ಯ ಮಾಹಿತಿಯ ಮೇಲೆ, ನಿಮ್ಮ ಹಿಂದಿನ ವರ್ಷಗಳ ದರವನ್ನೇ ಅಳತೆಯಾಗಿಟ್ಟುಕೊಂಡು, ಲಾಭವನ್ನು ರೂ. 15,70,000 ಎಂದು ನಿರ್ಧರಿಸಿ ರೂ. 7,85,000 ಸೇರಿಸಲು ಉದ್ದೇಶಿಸಲಾಗಿದೆ. ಹಾಗೆ ಏಕೆ ಮಾಡಬಾರದು ಎಂಬುದಕ್ಕೆ ಕಾರಣ ತಿಳಿಸಿ. ಜೊತೆಗೆ, ಪುಸ್ತಕ ಇಡದಿದ್ದಕ್ಕೆ ಕಲಂ 271ಎ ಅಡಿ ರೂ. 25,000, ಪರಿಶೋಧನೆ ಮಾಡಿಸದಿದ್ದಕ್ಕೆ ಕಲಂ 271ಬಿ ಅಡಿ ಸ್ವೀಕೃತಿಯ ಅರ್ಧ ಶೇಕಡಾ, ಅಂದರೆ ರೂ. 15,700, ಹಾಗೂ ಕಡಿಮೆ ಆದಾಯ ತೋರಿಸಿದ್ದಕ್ಕೆ ಕಲಂ 270ಎ ದಂಡದ ಪ್ರಕ್ರಿಯೆಯನ್ನು ಏಕೆ ಆರಂಭಿಸಬಾರದು ಎಂಬುದನ್ನೂ ತಿಳಿಸಿ. 271ಎ ಮತ್ತು 271ಬಿ ದಂಡಗಳಿಗೆ ಕಲಂ 273ಬಿ ಪ್ರಕಾರ ಸಮಂಜಸ ಕಾರಣವಿದ್ದರೆ ವಿನಾಯಿತಿ ಕೇಳಬಹುದು. ಅಂಥ ಕಾರಣವಿದ್ದಲ್ಲಿ ದಾಖಲೆಸಹಿತ ಬರೆಯಿರಿ.

6. ಪುಸ್ತಕ ಬರೆದಿಲ್ಲದಿದ್ದರೂ ಖರ್ಚು ನಿಜವಾಗಿ ಆಗಿದ್ದರೆ, ಯುಪಿಐ ದಾಖಲೆ, ಬಾಡಿಗೆ ಕರಾರು, ಸಹಾಯಕರ ದೃಢೀಕರಣ ಪತ್ರ ಮತ್ತು ಅವರ ಪ್ಯಾನ್, ಗ್ರಾಹಕರೊಡನೆ ಮಾಡಿಕೊಂಡ ಒಪ್ಪಂದ ಇವುಗಳನ್ನು ಕೊಡಿ, ಒಂದೊಂದನ್ನೂ ಪರಿಶೀಲಿಸಲಾಗುವುದು. ಶೇ. 50ರ ಲಾಭವನ್ನೇ ಒಪ್ಪುವುದಾದರೆ ಹಾಗೆಂದೇ ಸ್ಪಷ್ಟವಾಗಿ ಬರೆಯಿರಿ. ತೆರಿಗೆ ನಿರ್ಧರಣೆ ಬಾಕಿಯಿರುವಾಗ ಈ ವರ್ಷಕ್ಕೆ ನವೀಕೃತ ವಿವರಣಪಟ್ಟಿ ಸಲ್ಲಿಸಲು ಬರುವುದಿಲ್ಲ.

7. ಉತ್ತರವನ್ನು 1 ಡಿಸೆಂಬರ್ 2025ರ ಸಂಜೆ 5 ಗಂಟೆಯೊಳಗೆ ಪೋರ್ಟಲ್‌ನ e-Proceedings ವಿಭಾಗದಲ್ಲಿ ಸಲ್ಲಿಸಿ. ವಿಡಿಯೊ ಕಾನ್ಫರೆನ್ಸ್ ಮೂಲಕ ಮಾತನಾಡಬೇಕೆಂದಿದ್ದರೆ ಅದೇ ಉತ್ತರದಲ್ಲಿ ಕೋರಿ. ಉತ್ತರ ಬಾರದಿದ್ದಲ್ಲಿ ಹೇಳಲು ಏನೂ ಇಲ್ಲವೆಂದು ಭಾವಿಸಿ, ಮೇಲಿನ ಪ್ರಸ್ತಾವದಂತೆ ಆದೇಶ ಹೊರಡಿಸಲಾಗುವುದು.

ತೆರಿಗೆ ನಿರ್ಧರಣಾಧಿಕಾರಿ
ನಿರ್ಧರಣಾ ಘಟಕ, ಆದಾಯ ತೆರಿಗೆ ಇಲಾಖೆ