ಶೈಲಾ, ಈ ಮೂರು ಹಾಡುಗಳನ್ನು ಕೇಳು

ಪ್ರೀತಿಯ ಶೈಲಾ,

ಈ ಹೊತ್ತಿಗೆ ನೀನು ಊಟ ಮುಗಿಸಿ, ಅವ್ವನ ಮಗ್ಗುಲಲ್ಲಿ ಹಾಸಿಗೆ ಹಾಸಿಕೊಂಡು ಮಲಗುವ ಸಿದ್ಧತೆಯಲ್ಲಿರುತ್ತೀಯೆ. ಫೋನು ಮಾಡಿದರೆ ಅವರೆದುರಿಗೆ ನೀನು ನನ್ನೊಡನೆ ಎಂದಿನಂತೆ ಮಾತನಾಡಬೇಕಾಗುತ್ತದೆ, ಮನಸ್ಸಿನಲ್ಲಿರುವುದನ್ನು ಹೇಳಲಾಗುವುದಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ಬೆಳಿಗ್ಗೆ ನಿನ್ನನ್ನು ರೈಲು ಹತ್ತಿಸುವಾಗ ನನ್ನ ಬಾಯಿಂದ ಹೊರಟದ್ದು ‘ನೀರಿನ ಬಾಟಲಿ ಇಟ್ಟುಕೊಂಡೆಯಾ’ ಎಂಬ ಒಂದೇ ಮಾತು. ಅದರ ಹಿಂದೆ ಇದ್ದ ಮಾತುಗಳನ್ನೆಲ್ಲ ಈ ಪತ್ರದಲ್ಲಿ ಹೇಳಬೇಕು. ನನ್ನ ಮಾತಿನ ಮೇಲೆ ನನಗೇ ಪೂರ್ತಿ ನಂಬಿಕೆ ಉಳಿದಿಲ್ಲವಾದ್ದರಿಂದ, ನಾವಿಬ್ಬರೂ ಬಲ್ಲ ಮೂರು ಹಾಡುಗಳ ನೆರವು ಪಡೆದಿದ್ದೇನೆ. ಅವನ್ನು ಈ ಪತ್ರದ ಹಿಂದೆಯೇ ಕಳಿಸುತ್ತೇನೆ. ಅವ್ವ ಮಲಗಿದ ಮೇಲೆ ಕೇಳು.

ಮೊದಲನೆಯದು ಕೆ. ಎಸ್. ನರಸಿಂಹಸ್ವಾಮಿಯವರ ‘ಒಂದಿರುಳು ಕನಸಿನಲಿ’. ಮದುವೆಯಾದ ಹೊಸತರಲ್ಲಿ ನಾವು ಈ ಹಾಡನ್ನು ಹಿಡಿದು ಎಷ್ಟು ಸಲ ಜಗಳವಾಡಿಲ್ಲ ಹೇಳು! ಅವರು ಕಿಕ್ಕೇರಿಯಲ್ಲಿ ಹುಟ್ಟಿದವರು, ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿನವರು, ಆದ್ದರಿಂದ ‘ಮೈಸೂರು ಮಲ್ಲಿಗೆ’ ನಮ್ಮ ಮನೆಯ ಹಿತ್ತಿಲಲ್ಲಿ ಬಿಟ್ಟ ಹೂವು ಎಂದು ನಾನು ಹೇಳುವುದು, ‘ಇರ್ಲಿ ಬಿಡ್ರಿ, ನಮ್ಮ ಬೇಂದ್ರೆ ಅಜ್ಜನ ಮುಂದ ನಿಮ್ಮ ಮಲ್ಲಿಗಿ ಯಾ ಲೆಕ್ಕ’ ಎಂದು ನೀನು ನಗುವುದು. ಆ ಹಾಡಿನಲ್ಲಿ ಗಂಡ ಕನಸಿನಲ್ಲಿ ಹೆಂಡತಿಯನ್ನು ಕೇಳುತ್ತಾನೆ: ‘ನಮ್ಮೂರು ಹೊನ್ನೂರೊ ನಿಮ್ಮೂರು ನವಿಲೂರೊ, ಚಂದ ನಿನಗಾವುದೆಂದು.’ ಅವಳು ಯಾವ ಊರನ್ನೂ ಬಿಟ್ಟುಕೊಡದೆ, ಯಾವ ಊರನ್ನೂ ಹೀಗಳೆಯದೆ, ‘ಎಂದೆನ್ನ ಕೇಳಲೇಕೆ’ ಎಂದು ಆ ಪ್ರಶ್ನೆಯನ್ನೇ ಪಕ್ಕಕ್ಕೆ ಸರಿಸುತ್ತಾಳೆ. ಈ ಹಾಡು ನನಗೆ ಬಾಯಿಪಾಠವಿದ್ದರೂ, ಆ ಪ್ರಶ್ನೆ ಕೇಳಬಾರದ ಪ್ರಶ್ನೆ ಎಂಬುದು ಮಂಗಳವಾರ ರಾತ್ರಿಯವರೆಗೆ ನನಗೆ ತಿಳಿದಿರಲಿಲ್ಲ.

ಅಂದು ನೀನು ಕೇಳಿದ್ದು ಇಷ್ಟೇ: ಈ ಸಲದ ದೀಪಾವಳಿಗೆ ಧಾರವಾಡಕ್ಕೆ ಹೋಗೋಣವೇ. ಕಳೆದ ಆರು ವರ್ಷಗಳಲ್ಲಿ ಐದು ದೀಪಾವಳಿಗಳನ್ನು ನಮ್ಮೂರಿನಲ್ಲಿ ಕಳೆದವಳು ನೀನು. ಅದಕ್ಕೆ ನಾನು, ‘ಹಬ್ಬವೇ ಇಲ್ಲದ ಮನೆಗೆ ಹೋಗಿ ಮಾಡುವುದೇನು, ನಿಮ್ಮೂರಿನಲ್ಲಿ ಈಗ ಏನಿದೆ’ ಎಂದುಬಿಟ್ಟೆ. ಆ ಮಾತನ್ನು ಮತ್ತೆ ಇಲ್ಲಿ ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಆಡಿದ ಮಾತನ್ನು ಆಡಿದ ಹಾಗೆಯೇ ಒಪ್ಪಿಕೊಳ್ಳದೆ ಕೇಳುವ ಕ್ಷಮೆಗೆ ಬೆಲೆಯಿಲ್ಲ. ಮಾಘದಲ್ಲಿ ಮಾವ ತೀರಿಕೊಂಡರು, ವರುಷ ತುಂಬುವವರೆಗೆ ಆ ಮನೆಯಲ್ಲಿ ಹಬ್ಬವಿಲ್ಲ, ಅವ್ವ ಒಬ್ಬರೇ ಇದ್ದಾರೆ, ನೀನು ಅವರಿಗೆ ಒಬ್ಬಳೇ ಮಗಳು. ಇವೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ. ನೀನು ಹಬ್ಬ ಮಾಡಲೆಂದು ಅಲ್ಲಿಗೆ ಹೊರಟಿರಲಿಲ್ಲ. ಊರಿಗೆಲ್ಲ ದೀಪ ಹಚ್ಚುವ ಸಂಜೆ ಅವ್ವ ಕತ್ತಲ ಪಡಸಾಲೆಯಲ್ಲಿ ಒಬ್ಬರೇ ಕೂತಿರಬಾರದು ಎಂದು ಹೊರಟಿದ್ದೆ. ನಾನು ಅದನ್ನು ನಮ್ಮೂರು ನಿಮ್ಮೂರುಗಳ ಲೆಕ್ಕವೆಂದು ತಿಳಿದೆ.

‘ನಿಮ್ಮೂರಿನಲ್ಲಿ ಏನಿದೆ’ ಎಂದು ಕೇಳಿದೆನಲ್ಲ, ಏನಿದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಮದುವೆಯ ನಂತರದ ಮೊದಲ ದೀಪಾವಳಿಗೆ ಅಳಿಯನೆಂದು ನನ್ನನ್ನು ಕರೆಸಿಕೊಂಡು, ನರಕ ಚತುರ್ದಶಿಯ ನಸುಕಿನಲ್ಲಿ ಮಣೆ ಹಾಕಿ ಕೂರಿಸಿ, ಅವ್ವ ಆರತಿ ಎತ್ತಿ ನೆತ್ತಿಗೆ ಎಣ್ಣೆ ಇಟ್ಟದ್ದು ಆ ಮನೆಯಲ್ಲಿ. ‘ನೀರು ಹದ ಅದ ಏನ್ರಿ’ ಎಂದು ಮೂರು ಸಲ ಕೇಳಿ, ಬಚ್ಚಲ ಬಾಗಿಲ ಹೊರಗೆ ಟವೆಲು ಹಿಡಿದು ನಿಂತವರು ಮಾವ. ಆ ವಯಸ್ಸಿನ ಹಿರಿಯರು ನನಗಾಗಿ ಅಷ್ಟು ಚಳಿಯಲ್ಲಿ ನಿಂತಿದ್ದಾರಲ್ಲ ಎಂದು ನನಗೆ ಅಂದು ಸಂಕೋಚವಾಗಿತ್ತು. ಆ ಮನೆಯನ್ನೇ ನಾನು ಹಬ್ಬವಿಲ್ಲದ ಮನೆ ಎಂದೆ. ತಪ್ಪಾಯಿತು, ಶೈಲಾ. ನಿನ್ನಲ್ಲಿ ಕ್ಷಮೆ ಕೇಳುತ್ತೇನೆ, ಮಾವ ಇದ್ದಿದ್ದರೆ ಅವರಲ್ಲಿಯೂ ಕೇಳುತ್ತಿದ್ದೆ.

ಎರಡನೆಯ ಹಾಡನ್ನು ಕಳಿಸಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಅದು ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’. ಕೂಸನ್ನು ಕಳೆದುಕೊಂಡ ತಂದೆತಾಯಿಯರ ಸಂಕಟದಿಂದ ಹುಟ್ಟಿದ ಆ ಕವಿತೆಯನ್ನು ಗಂಡ ಹೆಂಡಿರ ಮುನಿಸಿಗೆ ಬಳಸಿಕೊಳ್ಳುವುದು ಸಲ್ಲದೆಂಬ ಅರಿವು ನನಗಿದೆ, ನಮ್ಮ ಜಗಳವನ್ನು ಆ ದುಃಖದ ಸಮಕ್ಕೆ ಇಡುವ ಉದ್ದೇಶವೂ ನನ್ನದಲ್ಲ. ಆದರೆ ಮಂಗಳವಾರ ನಡೆದದ್ದರ ಅಡಿಯಲ್ಲಿ ಇದ್ದದ್ದು ಬರಿಯ ಮುನಿಸಲ್ಲ, ನಿನ್ನ ತಂದೆಯ ಸಾವು ಎಂದು ಈಗ ಅರ್ಥವಾಗಿರುವುದರಿಂದ ಈ ಹಾಡನ್ನು ಬಿಟ್ಟು ಮುಂದೆ ಹೋಗಲು ನನಗೆ ಸಾಧ್ಯವಾಗಲಿಲ್ಲ. ಅದೂ ಅಲ್ಲದೆ ಇದು ಮಾವನವರ ಹಾಡು. ಸಂಜೆ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತ, ಪಲ್ಲವಿಯನ್ನು ಮಾತ್ರ ಗುನುಗಿ, ಮುಂದಿನದನ್ನು ಹಾಡದೆ ಸುಮ್ಮನಾಗುತ್ತಿದ್ದರಲ್ಲ, ಅದನ್ನು ನಾನೂ ಕೇಳಿದ್ದೇನೆ.

ಆ ರಾತ್ರಿ ನೀನು ಅಡುಗೆಮನೆಯಲ್ಲಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ದೀಪಗಳನ್ನು ತಿಕ್ಕುತ್ತಿದ್ದೆ. ನಾನು ಆ ಮಾತು ಆಡಿದಾಗ ನಿನ್ನ ಕೈ ಒಂದು ಗಳಿಗೆ ನಿಂತಿತು. ನೀನು ತಲೆಯೆತ್ತಿ ನನ್ನನ್ನು ನೋಡಿದೆ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನಾನೂ ಸಿಟ್ಟಿನಿಂದ ಉತ್ತರ ಕೊಟ್ಟು ಗೆದ್ದೆನೆಂದುಕೊಳ್ಳುತ್ತಿದ್ದೆನೇನೋ, ಆದರೆ ಅದರಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ಜೊತೆಗಿದ್ದವನು ಇವನೇ ಹೌದೋ ಅಲ್ಲವೋ ಎಂದು ಗುರುತು ಹಿಡಿಯುವ ಹಾಗೆ ನೋಡಿದೆ. ಆಮೇಲೆ ಮತ್ತೆ ತಲೆ ಬಗ್ಗಿಸಿ, ಅದೇ ದೀಪವನ್ನು, ಆಗಲೇ ಹೊಳೆಯುತ್ತಿದ್ದ ಜಾಗವನ್ನೇ, ಇನ್ನೊಂದಿಷ್ಟು ತಿಕ್ಕಿದೆ. ಕೈ ತೊಳೆದುಕೊಂಡು ಬಂದು, ನಗುಮುಖ ಮಾಡಿ, ‘ಇರ್ಲಿ ಬಿಡ್ರಿ, ಊಟಕ್ಕ ಏಳ್ರಿ’ ಎಂದೆ.

ನಿನ್ನ ಆ ನಗುವನ್ನು ನಾನು ಅಂದು ನಂಬಿದೆ, ವಿಷಯ ಅಲ್ಲಿಗೆ ಮುಗಿಯಿತೆಂದು ರೊಟ್ಟಿ ಮುರಿದು ಊಟ ಮಾಡಿದೆ. ಇವತ್ತು ನೀನು ಹೋದ ಮೇಲೆ ಹಾಡು ಹಾಕಿಕೊಂಡು ಕೂತವನಿಗೆ, ‘ಅತ್ತಾರ ಅತ್ತುಬಿಡು, ಹೊನಲು ಬರಲಿ, ನಕ್ಯಾಕ ಮರಸತೀ ದುಕ್ಕ’ ಎಂಬ ಸಾಲು ಬಂದಾಗ ಮುಂದೆ ಕೇಳಲಾಗಲಿಲ್ಲ. ಮಾವ ಹೋದ ದಿನದಿಂದ ನೀನು ಮಾಡುತ್ತಿರುವುದು ಅದನ್ನೇ ಅಲ್ಲವೇ? ಹದಿಮೂರು ದಿನವೂ ಬಂದವರಿಗೆಲ್ಲ ಚಹಾ ಕೊಟ್ಟೆ, ಅವ್ವನ ಮುಂದೆ ಗಟ್ಟಿಯಾಗಿದ್ದೆ, ಹದಿನೈದನೆಯ ದಿನಕ್ಕೆ ಬೆಂಗಳೂರಿಗೆ ಬಂದು ಆಫೀಸಿಗೆ ಹೋದೆ. ಈ ಎಂಟು ತಿಂಗಳಲ್ಲಿ ನೀನು ನನ್ನೆದುರಿಗೆ ಒಮ್ಮೆಯೂ ಅತ್ತಿಲ್ಲ. ಅದನ್ನು ನಾನು ನಿನ್ನ ಧೈರ್ಯವೆಂದು ಹತ್ತು ಜನರೆದುರು ಹೊಗಳಿದ್ದೇನೆ. ಅಳುವುದಕ್ಕೆ ನನ್ನ ಹತ್ತಿರ ಜಾಗವಿದೆ ಎಂದು ನಿನಗೆ ಅನ್ನಿಸಿರಲಿಲ್ಲವೇನೋ ಎಂಬ ಯೋಚನೆ ನನಗೆ ಬಂದದ್ದು ಇವತ್ತು. ಆ ಮಾತಿಗಿಂತ ದೊಡ್ಡ ತಪ್ಪು ಇದು. ಮಾತು ಒಂದು ರಾತ್ರಿಯದು, ಇದು ಎಂಟು ತಿಂಗಳದ್ದು. ನನ್ನನ್ನು ಇದಕ್ಕಾಗಿ ಬೇಗ ಕ್ಷಮಿಸಬೇಕೆಂದು ಕೇಳುವುದಿಲ್ಲ.

ಬೇಂದ್ರೆಯವರ ಪಲ್ಲವಿಯನ್ನು ನಾನು ಪೂರ್ತಿಯಾಗಿ ನಿನಗೆ ಹೇಳಲಾರೆ. ‘ಹೀಂಗ ನೋಡಬ್ಯಾಡ’ ಎನ್ನುವ ಹಕ್ಕು ನನಗಿಲ್ಲ. ನೀನು ಹೇಗೆ ನೋಡಬೇಕೆನ್ನಿಸುತ್ತದೋ ಹಾಗೆ ನೋಡು, ನಾನು ಕಣ್ಣು ತಪ್ಪಿಸುವುದಿಲ್ಲ.

ಮೂರನೆಯದು ಜಿ. ಎಸ್. ಶಿವರುದ್ರಪ್ಪನವರ ‘ಎಲ್ಲೋ ಹುಡುಕಿದೆ ಇಲ್ಲದ ದೇವರ’. ಭಾವಗೀತೆಗಳ ಯಾವ ಕಾರ್ಯಕ್ರಮಕ್ಕೆ ಹೋದರೂ ಒಮ್ಮೆಯಾದರೂ ಕೇಳಿಬರುವ ಹಾಡಾದ್ದರಿಂದ ನಾವಿಬ್ಬರೂ ಇದಕ್ಕೆ ಅಷ್ಟೇನೂ ಕಿವಿಗೊಟ್ಟವರಲ್ಲ. ಅದರ ಕೊನೆಯ ಸಾಲುಗಳನ್ನು ಮಾತ್ರ ಕೇಳಿಸಿಕೋ: ‘ಹತ್ತಿರವಿದ್ದೂ ದೂರ ನಿಲ್ಲುವೆವು ನಮ್ಮ ಅಹಮ್ಮಿನ ಕೋಟೆಯಲಿ.’ ಬುಧವಾರ ಸಂಜೆ ನೀನು ಬಟ್ಟೆ ಮಡಿಸುತ್ತಿದ್ದಾಗ ನಾನು ಕೋಣೆಯ ಬಾಗಿಲಿಗೆ ಬಂದು ನಿಂತಿದ್ದೆ, ನಿನಗೆ ನೆನಪಿರಬಹುದು. ತಪ್ಪಾಯಿತು ಎಂದು ಹೇಳಲೆಂದೇ ಬಂದಿದ್ದೆ. ನೀನು ತಲೆಯೆತ್ತಿದರೆ ಹೇಳೋಣವೆಂದು ಕಾದೆ, ನೀನು ಎತ್ತಲಿಲ್ಲ, ನಾನು ಚಾರ್ಜರ್ ಹುಡುಕಲು ಬಂದವನಂತೆ ಮೇಜಿನ ಮೇಲೆ ಕೈಯಾಡಿಸಿ ಹೊರಟುಹೋದೆ. ನಮ್ಮಿಬ್ಬರ ನಡುವೆ ನಾಲ್ಕು ಹೆಜ್ಜೆಯ ದೂರವೂ ಇರಲಿಲ್ಲ. ಅಲ್ಲಿಂದ ಗುರುವಾರ, ಶುಕ್ರವಾರ ಎರಡು ದಿನ ಹಾಲು, ಗ್ಯಾಸು, ಕರೆಂಟ್ ಬಿಲ್ಲುಗಳ ಮಾತಿನಲ್ಲೇ ಕಳೆದುಹೋದವು. ನೀನು ಮೊದಲು ಮಾತನಾಡಲಿ ಎಂದು ಕಾದದ್ದು ನನ್ನ ಅಹಂಕಾರ. ನೋವು ತಿಂದವಳೇ ಬಂದು ಬಾಗಿಲು ತೆರೆಯಲಿ ಎಂದು ಕಾಯುವುದು ಯಾವ ನ್ಯಾಯ?

ಇನ್ನು ನಾನು ಮಾಡಿರುವ ಕೆಲಸವನ್ನು ಹೇಳುತ್ತೇನೆ. ಮಧ್ಯಾಹ್ನ ಅಮ್ಮನಿಗೆ ಫೋನು ಮಾಡಿ, ಈ ದೀಪಾವಳಿಗೆ ನಾವು ಊರಿಗೆ ಬರುವುದಿಲ್ಲವೆಂದು ತಿಳಿಸಿದೆ. ನೀನು ಹೇಳಿದ್ದೆಂದು ಹೇಳಲಿಲ್ಲ, ನನ್ನ ತೀರ್ಮಾನವೆಂದೇ ಹೇಳಿದೆ. ಅವರು ಬೇಸರ ಮಾಡಿಕೊಳ್ಳುತ್ತಾರೆಂದು ನಾನು ಅಂಜಿದ್ದೆ. ಆದರೆ ಅವರು, ‘ಬೀಗಿತಿ ಒಬ್ರೇ ಅವ್ರಲ್ಲಪ್ಪ, ಇದನ್ನ ನಾನು ಹೇಳ್ಬೇಕಾ ನಿಂಗೆ’ ಎಂದು ನನ್ನನ್ನೇ ಗದರಿಸಿದರು. ಚತುರ್ದಶಿಯ ಹಿಂದಿನ ದಿನಕ್ಕೆ ಇಬ್ಬರಿಗೂ ಧಾರವಾಡದ ಟಿಕೆಟ್ ತೆಗೆಸಿದ್ದೇನೆ, ನಾಲ್ಕು ದಿನದ ರಜೆಗೂ ಅರ್ಜಿ ಹಾಕಿದ್ದೇನೆ. ಆ ದಿನಗಳಲ್ಲಿ ಅವ್ವನ ಜೊತೆ ನೀನೊಬ್ಬಳೇ ಇರಬೇಕೆನ್ನಿಸಿದರೆ ಸಂಕೋಚವಿಲ್ಲದೆ ಹೇಳು. ನನ್ನ ಟಿಕೆಟನ್ನು ರದ್ದು ಮಾಡಿಸಿ ನಿನ್ನನ್ನು ರೈಲು ಹತ್ತಿಸಿ ಬರುತ್ತೇನೆ, ಅದರಲ್ಲಿ ನನಗೆ ಯಾವ ಅಸಮಾಧಾನವೂ ಇರುವುದಿಲ್ಲ.

ನಾಳೆ ಸಂಜೆ ನೀನು ಬರುವ ರೈಲಿಗೆ ಸ್ಟೇಷನ್ನಿನಲ್ಲಿ ಕಾದಿರುತ್ತೇನೆ. ಅಲ್ಲಿಯೇ ಎಲ್ಲ ಸರಿಹೋಗಬೇಕೆಂದೇನೂ ಇಲ್ಲ. ಮಾತು ಬೇಡವೆನ್ನಿಸಿದರೆ ಸುಮ್ಮನೆ ಮನೆಗೆ ಬರೋಣ.

ನೀನು ಅರ್ಧಕ್ಕೆ ಬಿಟ್ಟಿದ್ದ ದೀಪಗಳನ್ನು ಸಂಜೆ ನಾನೇ ತಿಕ್ಕಿ, ಒರೆಸಿ, ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದೇನೆ. ಈ ಸಲ ಆ ಮನೆಯಲ್ಲಿ ಹಬ್ಬದ ದೀಪ ಹಚ್ಚುವಂತಿಲ್ಲವೆಂದು ಗೊತ್ತು. ಆದರೆ ಮಾವನವರ ಫೋಟೋದ ಮುಂದೆ ಒಂದನ್ನಾದರೂ ಹಚ್ಚಬಹುದೇನೋ. ಧಾರವಾಡಕ್ಕೆ ಹೊರಡುವಾಗ ತರಬೇಕೋ ಬೇಡವೋ ಎಂದು ಅವ್ವನನ್ನು ಕೇಳಿ ತಿಳಿಸು.

ನಿನ್ನ,
ಮಂಜುನಾಥ