ಒಂದೇ ಚಾಕೊಲೇಟ್, ದೇಶಕ್ಕೊಂದು ರೇಟು

ಮಕ್ಕಳೇ, ಮೇಜಿನ ಮೇಲೆ ಎರಡು ಚಾಕೊಲೇಟ್ ಕವರ್ ಇಟ್ಟಿದ್ದೇನೆ. ಒಳಗೆ ಏನೂ ಇಲ್ಲ, ಸುಮ್ನೆ ಆಸೆ ಪಡಬೇಡಿ. ಒಂದು ಪುತ್ತೂರು ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯದ್ದು, ಎಂಆರ್‌ಪಿ 40 ರೂಪಾಯಿ. ಇನ್ನೊಂದು ನಿಮ್ಮಲ್ಲೇ ಒಬ್ಬಳ ಮಾವ ರಜೆಗೆ ಬಂದಾಗ ದುಬೈಯಿಂದ ತಂದದ್ದು, ಮೇಲೆ ಮೂರು ದಿರ್ಹಮ್ ಅಂತ ಸ್ಟಿಕ್ಕರ್ ಇದೆ. ಕಂಪನಿ ಒಂದೇ, ಬಣ್ಣ ಒಂದೇ, ತೂಕವೂ ಹೆಚ್ಚುಕಡಿಮೆ ಒಂದೇ. ದಿರ್ಹಮ್‌ಗೆ 24 ರೂಪಾಯಿ ಲೆಕ್ಕ ಹಿಡಿದರೆ ದುಬೈಯದ್ದು 72 ರೂಪಾಯಿ ಆಯಿತು. "ಅಲ್ಲಿ ಅಂಗಡಿಯವರು ಮೋಸ ಮಾಡ್ತಾರಾ ಸರ್?" ಅಂತ ಕೇಳಿದಳು. ಮೋಸ ಅಲ್ಲ. ಆದರೆ ಅವಳ ಪ್ರಶ್ನೆಯ ಹಿಂದೆಯೇ ಇನ್ನೊಂದು ಪ್ರಶ್ನೆ ಇದೆ. ಇಲ್ಲಿ 40, ಅಲ್ಲಿ 72 ಅಂದಮೇಲೆ ಇಲ್ಲಿಂದ ಒಂದು ಲೋಡ್ ಕಳಿಸಿ ಯಾರಾದರೂ ದುಡ್ಡು ಮಾಡಬಹುದಿತ್ತಲ್ವಾ? ಯಾಕೆ ಎಲ್ಲರೂ ಅದನ್ನೇ ಮಾಡುತ್ತಿಲ್ಲ? ಇವತ್ತಿನ ಮಾತೆಲ್ಲ ಅದರ ಸುತ್ತವೇ.

ಮೊದಲು ಕೋಕೋ. ನಿಮ್ಮಲ್ಲಿ ಅರ್ಧ ಜನರ ಮನೆಯ ಅಡಿಕೆ ತೋಟದ ನಡುವೆ ಕೋಕೋ ಗಿಡ ಇದೆ, ಕಾಯಿ ಒಡೆದು ಬೀಜ ಚೀಪಿದವರೇ ನೀವು. ಪುತ್ತೂರಿನ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ. ಆದರೆ ಜಗತ್ತಿನ ಲೆಕ್ಕದಲ್ಲಿ ನಮ್ಮ ಬೆಳೆ ಚಿಕ್ಕದು. ಅರ್ಧಕ್ಕಿಂತ ಜಾಸ್ತಿ ಕೋಕೋ ಬರುವುದು ಪಶ್ಚಿಮ ಆಫ್ರಿಕಾದ ಎರಡೇ ದೇಶಗಳಿಂದ, ಐವರಿ ಕೋಸ್ಟ್ ಮತ್ತು ಘಾನಾ. ಅಲ್ಲಿ ಬೆಳೆ ಕೆಟ್ಟರೆ ಎಲ್ಲ ಕಡೆ ರೇಟು ಏರುತ್ತದೆ. 2024ರಲ್ಲಿ ಆದದ್ದು ಅದೇ. ಅಲ್ಲಿ ಮಳೆ ಮತ್ತು ರೋಗ ಸೇರಿ ಬೆಳೆ ಹಾಳಾಯಿತು, ಹಿಂದೆ ಟನ್ನಿಗೆ ಎರಡೂವರೆ ಸಾವಿರ ಡಾಲರ್ ಆಸುಪಾಸಿನಲ್ಲಿದ್ದ ಕೋಕೋ ಆ ವರ್ಷದ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ 12,000 ಡಾಲರ್ ದಾಟಿತು. ಹಸಿ ಬೀಜದ ರೇಟಿನ ಬಗ್ಗೆ ಆಗ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಮಾತಾಡಿರುತ್ತಾರೆ, ನೆನಪಿರಬಹುದು.

ಈಗ ಗಮನಿಸಿ. ಕೋಕೋ ಏರಿದರೆ ದುಬೈ ಕಾರ್ಖಾನೆಗೂ ಏರಿತು, ನಮ್ಮ ಕಾರ್ಖಾನೆಗೂ ಏರಿತು. ಅಂದರೆ ಚಾಕೊಲೇಟ್ ಯಾಕೆ ದುಬಾರಿ ಆಯಿತು ಅನ್ನುವುದಕ್ಕೆ ಕೋಕೋ ಉತ್ತರ ಆಗಬಹುದು, ಅಲ್ಲಿಗೂ ಇಲ್ಲಿಗೂ ಯಾಕೆ ವ್ಯತ್ಯಾಸ ಅನ್ನುವುದಕ್ಕೆ ಅಲ್ಲ. ಇದನ್ನು ಬಹಳ ಜನ ದೊಡ್ಡವರೂ ಗೊಂದಲ ಮಾಡಿಕೊಳ್ಳುತ್ತಾರೆ. ಹಾಲು, ಸಕ್ಕರೆ ಬೇರೆ ಮಾತು. ಅವುಗಳ ರೇಟು ದೇಶದಿಂದ ದೇಶಕ್ಕೆ ಬೇರೆ ಇರುತ್ತದೆ. ಅಮೆರಿಕ ತನ್ನ ರೈತರನ್ನು ಕಾಪಾಡಲು ಹೊರಗಿನ ಸಕ್ಕರೆಗೆ ಮಿತಿ ಹಾಕಿದೆ, ಹಾಗಾಗಿ ಅಲ್ಲಿನ ಕಾರ್ಖಾನೆಗೆ ಸಕ್ಕರೆ ದುಬಾರಿ.

ವ್ಯತ್ಯಾಸ ಜಾಸ್ತಿ ಹುಟ್ಟುವುದು ಕಾರ್ಖಾನೆಯ ಗೇಟು ದಾಟಿದ ಮೇಲೆ. ಕಂಟೇನರ್‌ನಲ್ಲಿ ತುಂಬಿ ಕಳಿಸಲು ಆಗದ ಕೆಲವು ವಸ್ತುಗಳಿವೆ ನೋಡಿ: ಅಂಗಡಿಯ ಬಾಡಿಗೆ, ಬಿಲ್ ಹಾಕುವವರ ಸಂಬಳ, ಅಲ್ಲಿನ ಕರೆಂಟು. ಚಾಕೊಲೇಟ್ ಹಡಗು ಹತ್ತಬಹುದು, ಪುತ್ತೂರಿನ ಅಂಗಡಿ ಬಾಡಿಗೆ ಹಡಗು ಹತ್ತುವುದಿಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಕನಿಷ್ಠ ಕೂಲಿಯೇ ಗಂಟೆಗೆ 24 ಫ್ರಾಂಕ್‌ಗಿಂತ ಜಾಸ್ತಿ. ಒಂದು ಫ್ರಾಂಕ್ ನೂರು ರೂಪಾಯಿ ಅಂತ ಹಿಡಿದರೂ ಗಂಟೆಗೆ 2,400 ರೂಪಾಯಿ ಆಯಿತು. ಕೌಂಟರ್‌ನಲ್ಲಿ ಕೂತವರಿಗೆ ಅಷ್ಟು ಕೊಡುವ ಅಂಗಡಿ 40 ರೂಪಾಯಿಗೆ ಚಾಕೊಲೇಟ್ ಮಾರಿದರೆ ಬಾಗಿಲು ಹಾಕಬೇಕಾಗುತ್ತದೆ.

ಬೋರ್ಡ್ ಮೇಲೆ ಒಂದು ಲೆಕ್ಕ ಮಾಡೋಣ. ಜಿನೀವಾದಲ್ಲಿ ಆ ಚಾಕೊಲೇಟ್ 2 ಫ್ರಾಂಕ್ 40 ಅಂತಿಟ್ಟುಕೊಳ್ಳಿ. ನಮ್ಮ ದುಡ್ಡಲ್ಲಿ 240 ರೂಪಾಯಿ, ಅಬ್ಬಾ ಅನ್ನುತ್ತೀರಿ. ಆದರೆ ಗಂಟೆಗೆ 24 ಫ್ರಾಂಕ್ ದುಡಿಯುವವನಿಗೆ ಅದು ಆರು ನಿಮಿಷದ ಕೆಲಸ. ಇಲ್ಲಿ ತೋಟದ ಕೆಲಸಕ್ಕೆ ಎಂಟು ಗಂಟೆಗೆ 600 ರೂಪಾಯಿ ಅಂತಿಟ್ಟುಕೊಳ್ಳಿ. ಗಂಟೆಗೆ 75. ನಮ್ಮ 40 ರೂಪಾಯಿ ಚಾಕೊಲೇಟ್‌ಗೆ ಎಷ್ಟು ನಿಮಿಷ? ಹಿಂದಿನ ಬೆಂಚು, ಹೇಳಿ. ಹ್ಞಾಂ, 32. ಈಗ ಯಾರಿಗೆ ದುಬಾರಿ? ರೂಪಾಯಿಗೆ ಬದಲಾಯಿಸಿ "ಅಲ್ಲಿ ಎಲ್ಲ ದುಬಾರಿ" ಅಂತ ನಿಲ್ಲಿಸಿಬಿಟ್ಟರೆ ಲೆಕ್ಕ ಅರ್ಧಕ್ಕೇ ನಿಂತ ಹಾಗೆ.

ತೆರಿಗೆಗೆ ಬರೋಣ, ಇಲ್ಲಿ ಸ್ವಲ್ಪ ಮಜಾ ಇದೆ. ನಮ್ಮಲ್ಲಿ ಎಂಆರ್‌ಪಿ ಅಂದರೆ ತೆರಿಗೆ ಎಲ್ಲ ಸೇರಿದ ಬೆಲೆ. ಅಮೆರಿಕದಲ್ಲಿ ಕಪಾಟಿನ ಮೇಲೆ ಬರೆದದ್ದು ಒಂದು, ಬಿಲ್‌ನಲ್ಲಿ ತೆರಿಗೆ ಸೇರಿ ಬರುವುದು ಇನ್ನೊಂದು, ಅದೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. 2017ರಲ್ಲಿ ಜಿಎಸ್‌ಟಿ ಬಂದಾಗ ನಮ್ಮ ಚಾಕೊಲೇಟ್‌ಗೆ ಶೇ 28 ಇತ್ತು, ಅದೇ ವರ್ಷ ನವೆಂಬರ್‌ನಲ್ಲಿ 18ಕ್ಕೆ ಇಳಿಯಿತು, 2025ರ ಸೆಪ್ಟೆಂಬರ್ 22ರಿಂದ 5. ತೆರಿಗೆ ಇಳಿದದ್ದು 13, ಹಾಗಾದರೆ ಬೆಲೆಯೂ ಶೇ 13 ಇಳಿಯಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 100 ರೂಪಾಯಿ ಸರಕು 118ರಿಂದ 105ಕ್ಕೆ ಬರುತ್ತದೆ. 118ರಲ್ಲಿ 13 ಅಂದರೆ ಶೇ 11. ಪರೀಕ್ಷೆಗೂ ಇದು ಬರಬಹುದು.

ಬ್ರಿಟನ್‌ನಲ್ಲಿ ಚಾಕೊಲೇಟ್‌ಗೆ ಶೇ 20 ತೆರಿಗೆ. ಸಾದಾ ಬಿಸ್ಕತ್ತಿಗೆ ತೆರಿಗೆಯೇ ಇಲ್ಲ, ಆದರೆ ಅದೇ ಬಿಸ್ಕತ್ತಿನ ಮೇಲೆ ಚಾಕೊಲೇಟ್ ಬಳಿದರೆ 20 ಬಿತ್ತು. ಕೇಕ್ ಆದರೆ ಚಾಕೊಲೇಟ್ ಇದ್ದರೂ ತೆರಿಗೆ ಇಲ್ಲ! ಅದಕ್ಕೇ ಜಾಫಾ ಕೇಕ್ ಅನ್ನುವ ತಿಂಡಿ ಕೇಕೋ ಬಿಸ್ಕತ್ತೋ ಅಂತ ತೆರಿಗೆ ನ್ಯಾಯಮಂಡಳಿಯವರೆಗೆ ಹೋಗಿ, 1991ರಲ್ಲಿ ಅದು ಕೇಕೇ ಅಂತ ತೀರ್ಪಾಯಿತು. ಇನ್ನು ನಾರ್ವೆಯವರು ಗಡಿ ದಾಟಿ ಪಕ್ಕದ ಸ್ವೀಡನ್‌ಗೆ ಹೋಗಿ ಚೀಲಗಟ್ಟಲೆ ಮಿಠಾಯಿ ತರುತ್ತಾರೆ, ಅವರಿಗಾಗಿಯೇ ಗಡಿಯ ಬಳಿ ದೊಡ್ಡ ದೊಡ್ಡ ಅಂಗಡಿಗಳಿವೆ. ಕರ್ನಾಟಕ-ಕೇರಳ ನಡುವಿನ ತಲಪಾಡಿ ಗಡಿಯ ಪೆಟ್ರೋಲ್ ಬಂಕ್ ನೋಡಿದವರಿಗೆ ಇದು ಅರ್ಥ ಆಗುತ್ತದೆ.

ಸರಿ, ಆ ಲೋಡ್ ಕಳಿಸುವ ಪ್ರಶ್ನೆ. ಯಾಕೆ ಕಷ್ಟ? ಕೋಕೋ ಬೆಣ್ಣೆ 34 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ನಿಮ್ಮ ನಾಲಿಗೆಯ ಮೇಲೆ ಅದು ಕರಗುವುದೂ ಅದಕ್ಕೇ. ಏಪ್ರಿಲ್‌ನಲ್ಲಿ ಮಂಗಳೂರಿನಿಂದ ಸಾದಾ ಕಂಟೇನರ್‌ನಲ್ಲಿ ಕಳಿಸಿದರೆ ಅಲ್ಲಿ ಇಳಿಯುವುದು ಪಾಯಸ. ತಂಪು ಕಂಟೇನರ್ ಬೇಕು, ಅದಕ್ಕೆ ಬಾಡಿಗೆ ಜಾಸ್ತಿ. ಆಮೇಲೆ ಕಸ್ಟಮ್ಸ್ ಸುಂಕ, ಅಲ್ಲಿನ ನಿಯಮದ ಪ್ರಕಾರ ಅರೇಬಿಕ್ ಲೇಬಲ್. ಇಷ್ಟೆಲ್ಲ ಕಳೆದರೆ 32 ರೂಪಾಯಿ ಅಂತರ ಎಲ್ಲಿ ಉಳಿಯಿತು? ಹೊರಗಿನ ಚಾಕೊಲೇಟ್ ನಮ್ಮಲ್ಲಿಗೆ ತರಲು ಹೋದರೂ ಇದೇ ಕಥೆ. ಮಾವನ ಸೂಟ್‌ಕೇಸಿನಲ್ಲಿ ಬಂದರೆ ಸಾಗಣೆ ಲೆಕ್ಕ ಯಾರೂ ಹಾಕುವುದಿಲ್ಲ, ಅಷ್ಟೇ.

ಆದರೆ ಸೆಕೆ ಇಲ್ಲ, ಸುಂಕ ಇಲ್ಲ, ದುಡ್ಡೂ ಒಂದೇ ಅಂತಾದರೆ? ಅಲ್ಲಾದರೂ ಬೆಲೆ ಒಂದೇ ಆಗಬೇಕಲ್ವಾ? ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ ಅಕ್ಕಪಕ್ಕದ ದೇಶಗಳು. ಎರಡರಲ್ಲೂ ಯೂರೋ, ನಡುವೆ ಕಸ್ಟಮ್ಸ್ ಗೇಟಿಲ್ಲ. ಕೋಟ್ ಡೋರ್ ಅಂತ ಒಂದು ಚಾಕೊಲೇಟ್ ಇದೆ, ಮೂಲ ಬೆಲ್ಜಿಯಂದೇ. ಅದನ್ನು ಈಗ ಮಾರುವುದು ಮಾಂಡಲೀಝ್, ಅಂದರೆ ಕ್ಯಾಡ್ಬರಿಯ ಒಡೆಯ ಕಂಪನಿ. ಬೆಲ್ಜಿಯಂನಲ್ಲಿ ಬೇಡಿಕೆ ಜಾಸ್ತಿ, ಅಲ್ಲಿ ಜಾಸ್ತಿ ಬೆಲೆಗೆ ಮಾರುತ್ತಿದ್ದರು. ಹಾಗಾದರೆ ಒಬ್ಬ ವ್ಯಾಪಾರಿ ನೆದರ್‌ಲ್ಯಾಂಡ್ಸ್‌ನಲ್ಲಿ ಕೊಂಡು ಲಾರಿಯಲ್ಲಿ ಆಚೆ ಸಾಗಿಸಿದರೆ ಲಾಭ. ಅದು ಆಗಬಾರದು ಅಂತ ಕಂಪನಿ ನೆದರ್‌ಲ್ಯಾಂಡ್ಸ್‌ನಲ್ಲಿ ಆ ಚಾಕೊಲೇಟ್ ಕೊಡುವುದನ್ನೇ ನಿಲ್ಲಿಸಿತು. ಜರ್ಮನಿಯಲ್ಲಿ ಒಬ್ಬ ದಲ್ಲಾಳಿಗೆ ಸರಕು ಕೊಡಲು ಒಪ್ಪಲಿಲ್ಲ, ಅವನು ಆಸ್ಟ್ರಿಯಾ, ಬೆಲ್ಜಿಯಂ, ಬಲ್ಗೇರಿಯಾ, ರೊಮೇನಿಯಾಗಳಿಗೆ ಮರುಮಾರಾಟ ಮಾಡಿಯಾನು ಅಂತ. ಈ ದೇಶಗಳೆಲ್ಲ ಸೇರಿದ ಯುರೋಪಿನ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ತನಿಖೆ ಮಾಡಿ 2024ರ ಮೇ ತಿಂಗಳಲ್ಲಿ 33.75 ಕೋಟಿ ಯೂರೋ ದಂಡ ಹಾಕಿತು. ಬಿಸ್ಕತ್ತು, ಕಾಫಿಯೂ ಆ ಪ್ರಕರಣದಲ್ಲಿದ್ದವು.

ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸುವುದು ಇದೇ. ಖರ್ಚು ಕೂಡಿಸಿ, ಅದರ ಮೇಲೆ ಒಂದಿಷ್ಟು ಲಾಭ ಇಟ್ಟರೆ ಬೆಲೆ ಸಿಕ್ಕಿತು ಅಂತ ನಾವು ಲೆಕ್ಕದ ಪುಸ್ತಕದಲ್ಲಿ ಕಲಿಯುತ್ತೇವೆ. ಕಂಪನಿ ಇನ್ನೊಂದು ದಿಕ್ಕಿನಿಂದಲೂ ನೋಡುತ್ತದೆ: ಈ ಊರಿನವರು ಎಷ್ಟು ಕೊಟ್ಟಾರು? ಜಾಸ್ತಿ ಕೊಡುವ ಕಡೆ ಜಾಸ್ತಿ, ಕಡಿಮೆ ಕೊಡುವ ಕಡೆ ಕಡಿಮೆ. ಬೇರೆ ಬೇರೆ ಕಡೆ ಬೇರೆ ಬೇರೆ ಬೆಲೆ ಇಡುವುದೇ ತಪ್ಪಲ್ಲ, ಹಾಗೆ ಇಡದಿದ್ದರೆ ನಮ್ಮಂಥ ಕಡೆ ಅದು ಸಿಗುತ್ತಲೇ ಇರಲಿಲ್ಲವೋ ಏನೋ. ಒಂದೇ ಮಾರುಕಟ್ಟೆ ಅಂತ ಕಾನೂನು ಹೇಳುವ ಕಡೆ ಸರಕು ದಾಟದ ಹಾಗೆ ತಡೆಯುವುದು ತಪ್ಪು.

"ಅದೇ ಚಾಕೊಲೇಟ್" ಅನ್ನುವುದನ್ನೂ ಸ್ವಲ್ಪ ಅನುಮಾನದಿಂದಲೇ ನೋಡಿ. ಕಿಟ್‌ಕ್ಯಾಟ್ ಬೇರೆ ದೇಶಗಳಲ್ಲಿ ನೆಸ್ಲೆಯದ್ದು, ಅಮೆರಿಕದಲ್ಲಿ ಮಾತ್ರ ಅದನ್ನು ಮಾಡುವುದು ಹರ್ಷಿ ಕಂಪನಿ. ಕ್ಯಾಡ್ಬರಿಯನ್ನೂ ಅಲ್ಲಿ ಹರ್ಷಿಯೇ ಮಾಡುತ್ತದೆ, ರುಚಿ ಬೇರೆ. ಬ್ರಿಟನ್ನಿನ ಕ್ಯಾಡ್ಬರಿ ತರಿಸಿ ಮಾರುತ್ತಿದ್ದ ಕಂಪನಿಯನ್ನು ಹರ್ಷಿ ಕೋರ್ಟಿಗೆ ಎಳೆದು, 2015ರಲ್ಲಿ ರಾಜಿ ಮಾಡಿಸಿ ಅದನ್ನು ನಿಲ್ಲಿಸಿತು. ಟೋಬ್ಲರೋನ್ 2016ರಲ್ಲಿ ಬ್ರಿಟನ್‌ನಲ್ಲಿ ಹಲ್ಲುಗಳ ನಡುವಿನ ಸಂದು ಅಗಲ ಮಾಡಿ 170 ಗ್ರಾಂ ಇದ್ದದ್ದನ್ನು 150ಕ್ಕೆ ಇಳಿಸಿತು. ಹೊರಗಿನಿಂದ ಪ್ಯಾಕೆಟ್ ಹಾಗೇ ಕಾಣುತ್ತಿತ್ತು, ಜನ ಗಲಾಟೆ ಮಾಡಿ ಎರಡು ವರ್ಷದ ನಂತರ ಹಳೆಯ ಆಕಾರ ಬಂತು. ನಮ್ಮಲ್ಲಿ 5, 10 ರೂಪಾಯಿ ಪ್ಯಾಕೆಟ್‌ಗಳ ಬೆಲೆ ಮುಟ್ಟುವುದಿಲ್ಲ, ಗ್ರಾಂ ಮುಟ್ಟುತ್ತಾರೆ. ಚಿಲ್ಲರೆ ಕೊಡುವವರ ಕೈಯಲ್ಲಿ 11 ರೂಪಾಯಿ ಎಲ್ಲಿಂದ ಬರಬೇಕು!

ಹಾಗಾಗಿ ಶನಿವಾರದ ಕೆಲಸ ಇದು. ಮನೆಯಲ್ಲಿ ಸಿಗುವ ಯಾವುದೇ ಚಾಕೊಲೇಟ್ ಕವರ್ ತನ್ನಿ, ಖಾಲಿಯದ್ದೇ ಸಾಕು, ಅದಕ್ಕಾಗಿ ಅಮ್ಮನ ಹತ್ತಿರ ಹೊಸದು ಕೊಡಿಸಿ ಅಂತ ಹಠ ಮಾಡಬೇಡಿ. ಬೆಲೆ, ತೂಕ, ಎಲ್ಲಿ ತಯಾರಾಯಿತು, ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರೆದದ್ದು ಏನು, ಇಷ್ಟು ನೋಟ್‌ಬುಕ್‌ನಲ್ಲಿ ಬರೆಯಿರಿ. ಪದಾರ್ಥಗಳನ್ನು ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮ ಇದೆ, ಮೊದಲು ಸಕ್ಕರೆ ಕಂಡರೆ ಗಾಬರಿ ಆಗಬೇಡಿ. ವಿದೇಶದಲ್ಲಿ ಅತ್ತೆ, ಮಾವ, ಅಣ್ಣ ಯಾರಾದರೂ ಇದ್ದರೆ ಅಂಗಡಿಯ ಬಿಲ್‌ನ ಫೋಟೋ ಕಳಿಸಲು ಹೇಳಿ, ಬೆಲೆ ಬಾಯಲ್ಲಿ ಹೇಳಿದ್ದು ಬೇಡ. ಎಲ್ಲವನ್ನೂ ಹತ್ತು ಗ್ರಾಂ ಲೆಕ್ಕಕ್ಕೆ ತಂದು ಬೋರ್ಡ್ ಮೇಲೆ ಹಾಕೋಣ. ದುಬೈ ಕವರ್ ಇಲ್ಲೇ ಮೇಜಿನ ಡ್ರಾಯರ್‌ನಲ್ಲಿರುತ್ತದೆ, ಅದರ ತೂಕ ನೋಡಬೇಕಾದವರು ಬಿಡುವಿನಲ್ಲಿ ಬನ್ನಿ.