ಜ್ವರ, ವಾಂತಿ, ಭೇದಿ ಬಂದ ದಿನ ಶುಗರ್ ಇರುವವರು ಏನು ಮಾಡಬೇಕು

ಶಿಡ್ಲಘಟ್ಟದ ನಮ್ಮ ಕ್ಲಿನಿಕ್‌ಗೆ ಬರುವವರಿಗೆ. ಈ ಚೀಟಿಯನ್ನು ಮಾತ್ರೆ ಡಬ್ಬಿಯಲ್ಲೇ ಇಟ್ಟುಕೊಳ್ಳಿ.

ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕುವುದಿಲ್ಲ, ರೇಷ್ಮೆ ಸಾಕುವವರಿಗೆ ಗೊತ್ತಲ್ವಾ? ನಿಮ್ಮ ಜ್ವರಕ್ಕೆ ಆ ಲೆಕ್ಕ ಹಾಕಬೇಡಿ. "ಊಟಾನೇ ಮಾಡಿಲ್ಲ, ಇನ್ಸುಲಿನ್ ಯಾಕೆ ಡಾಕ್ಟ್ರೇ?" ಅಂತ ಬಿಟ್ಟು, ಆಮೇಲೆ ಏದುಸಿರು ಬಿಡುತ್ತಾ ಬಂದವರನ್ನು ನೋಡಿದ್ದೇನೆ. ಹುಷಾರಿಲ್ಲದಾಗ ಖಾಲಿ ಹೊಟ್ಟೆಯಲ್ಲೂ ಶುಗರ್ ಏರುತ್ತದೆ. ಇನ್ಸುಲಿನ್ ಪೂರ್ತಿ ನಿಲ್ಲಿಸಲೇಬೇಡಿ. ಟೈಪ್ 1 ಇರುವ ಮಕ್ಕಳಿಗಂತೂ ಒಂದು ಡೋಸೂ ತಪ್ಪಬಾರದು. ಊಟ ಸೇರದೆ ಶುಗರ್ 100ಕ್ಕಿಂತ ಕೆಳಗಿದ್ದರೆ ಎಷ್ಟು ಯೂನಿಟ್ ಅಂತ ಫೋನ್ ಮಾಡಿ ಕೇಳಿ.

ಶುಗರ್ ನಾಲ್ಕು ಗಂಟೆಗೊಮ್ಮೆ ನೋಡಿ, ರಾತ್ರಿಯೂ. 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಕುಡಿಯುವುದು: ಗಂಟೆಗೆ ಒಂದು ಲೋಟ. ವಾಂತಿ ಇದ್ದರೆ ಗಟಗಟ ಬೇಡ, ಐದು ನಿಮಿಷಕ್ಕೆ ಎರಡು ಚಮಚ. ಶುಗರ್ ಜಾಸ್ತಿ ಇದ್ದರೆ ನೀರು, ನೀರು ಮಜ್ಜಿಗೆ, ತಿಳಿಸಾರು. ಊಟ ಸೇರದೆ ಶುಗರ್ ಇಳಿಯುತ್ತಿದ್ದರೆ ರಾಗಿ ಗಂಜಿ ಅಥವಾ ಎಳನೀರು. ಭೇದಿಗೆ ಓಆರ್‌ಎಸ್ ಕುಡಿಯಬಹುದು, ಅದರಲ್ಲಿ ಸಕ್ಕರೆ ಇದೆ ಅಂತ ಹೆದರಬೇಡಿ. ಹಾರ್ಟ್ ಫೇಲ್ಯೂರ್ ಅಥವಾ ಕಿಡ್ನಿ ತೊಂದರೆ ಇರುವವರು ಮಾತ್ರ ನೀರಿನ ಅಳತೆ, ಎಳನೀರು ಎರಡನ್ನೂ ಕೇಳಿಕೊಂಡೇ ಕುಡಿಯಿರಿ.

ಕೀಟೋನ್: ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತಕ್ಕೆ ಸೇರುವ ಆಮ್ಲ ಇದು. ಟೈಪ್ 1 ಇರುವವರು ಶುಗರ್ 250 ದಾಟಿದರೆ ಅಥವಾ ವಾಂತಿ ಇದ್ದರೆ ನೋಡಲೇಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಯವರು ಶುಗರ್ 180 ಇದ್ದರೂ ನಂಬಬೇಡಿ. ಕೀಟೋನ್ ಒಳಗೊಳಗೇ ಏರಿರಬಹುದು. ರಕ್ತದಲ್ಲಿ 0.6ಕ್ಕಿಂತ ಕಡಿಮೆ ಇದ್ದರೆ ಸರಿ. 0.6ರಿಂದ 1.5 ಇದ್ದರೆ ಎರಡು ಗಂಟೆ ಬಿಟ್ಟು ಮತ್ತೆ ನೋಡಿ. 1.5 ದಾಟಿದರೆ ತಕ್ಷಣ ಫೋನ್ ಮಾಡಿ. 3 ಮುಟ್ಟಿದರೆ ನೇರ ಆಸ್ಪತ್ರೆಗೆ. ಮೂತ್ರದ ಸ್ಟ್ರಿಪ್‌ನಲ್ಲಿ ಎರಡು ಪ್ಲಸ್ ಬಂದರೂ ಆಸ್ಪತ್ರೆಗೇ.

ಮಾತ್ರೆಗಳು: ವಾಂತಿ, ಭೇದಿ ಇದ್ದರೆ ಅಥವಾ ಊಟ ನೀರು ಸೇರದಿದ್ದರೆ ಮೆಟ್‌ಫಾರ್ಮಿನ್ ನಿಲ್ಲಿಸಿ, ಮೇಲೆ ಹೇಳಿದ '‑ಗ್ಲಿಫ್ಲೋಜಿನ್' ಮಾತ್ರೆಗಳನ್ನೂ ನಿಲ್ಲಿಸಿ. ಊಟ ಇಲ್ಲದಿದ್ದರೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಬೇಡ, ಶುಗರ್ ಕುಸಿಯುತ್ತದೆ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ನೀರಿನ ಮಾತ್ರೆ ಇವು ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ಭಾರ, ಆಗ ಇವನ್ನೂ ನಿಲ್ಲಿಸಿ. ಆದರೆ ಹಾರ್ಟ್‌ಗೆ ತೆಗೆದುಕೊಳ್ಳುವವರು ನಿಲ್ಲಿಸುವ ಮುಂಚೆ ಕೇಳಿ. ಮೈಕೈ ನೋವಿಗೆ ಮೆಡಿಕಲ್‌ನಲ್ಲಿ ಸುಮ್ನೆ ಕೊಡುವ ಡೈಕ್ಲೋಫೆನಾಕ್ ಬೇಡ, ಪ್ಯಾರಾಸಿಟಮಾಲ್ ಸಾಕು. ಥೈರಾಯ್ಡ್ ಮಾತ್ರೆ ಬಿಡಬೇಡಿ. ಬರೀ ನೆಗಡಿ ಬಂದು ಊಟ ಸೇರುತ್ತಿದ್ದರೆ ಯಾವುದನ್ನೂ ನಿಲ್ಲಿಸುವುದು ಬೇಡ.

ಒಂದು ಎಚ್ಚರಿಕೆ: ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿರುತ್ತದೆ. ಸ್ಟ್ರಿಪ್ ಹಿಂದಿನ ಸಣ್ಣಕ್ಷರವನ್ನು ಮಕ್ಕಳ ಕೈಲಿ ಓದಿಸಿ. ಎರಡು ದಿನ ಸರಿಯಾಗಿ ಊಟ ಮಾಡಿ ನೀರು ಕುಡಿದ ಮೇಲೆ ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಿ. ಇದನ್ನೇ ಬಹಳ ಜನ ಮರೆಯುತ್ತಾರೆ.

ನಾಲ್ಕು ಗಂಟೆ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮಂಪರು, ಜೋರು ಉಸಿರು, ಹೊಟ್ಟೆನೋವು ಬಂದರೆ, ಶುಗರ್ ಎರಡು ಸಲ 300 ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಬರುವಾಗ ಮೀಟರ್, ಮಾತ್ರೆಗಳ ಸ್ಟ್ರಿಪ್, ಈ ಚೀಟಿ ಜೊತೆಗೆ ತನ್ನಿ.